‘ಟು’ ಆದ ಮೇಲೆ ‘ಇಂಗ್’ ಯಾವಾಗ? ಲುಕ್ ಫಾರ್ವರ್ಡ್ ಟು, ಆಬ್ಜೆಕ್ಟ್ ಟು, ಇನ್ ಅಡಿಷನ್ ಟು ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಪಾಠ ಹೇಳುವಾಗ ವರ್ಷವರ್ಷವೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಕೆಲವನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಕೇಳಿದ್ದು, ಕೆಲವನ್ನು ಪೋಷಕರೂ ಕೆಲಸಕ್ಕೆ ಅರ್ಜಿ ಬರೆಯುವವರೂ ಪತ್ರದಲ್ಲಿ ಕೇಳಿದ್ದು. ಕೇಳಿದವರ ಮಾತನ್ನೇ ಆದಷ್ಟು ಉಳಿಸಿಕೊಂಡಿದ್ದೇನೆ. ಬಿಟ್ಟ ಸ್ಥಳದ ವಾಕ್ಯಗಳಲ್ಲಿ ತುಂಬಬೇಕಾದ ಕ್ರಿಯಾಪದವನ್ನು ಸಾಲಿನ ಮೊದಲಿಗೇ ಕೊಟ್ಟಿದ್ದೇನೆ.

## ಮೊದಲ ಹೆಜ್ಜೆ

“ಟು ಆದ ಮೇಲೆ ಕ್ರಿಯಾಪದದ ಮೂಲರೂಪವೇ ಬರಬೇಕು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಹಾಗಿದ್ದರೆ ‘ಲುಕ್ ಫಾರ್ವರ್ಡ್ ಟು ಮೀಟಿಂಗ್ ಯೂ’ ಹೇಗೆ ಸರಿಯಾಗುತ್ತೆ?”

ಶಾಲೆಯಲ್ಲಿ ಹೇಳಿಕೊಟ್ಟದ್ದು ತಪ್ಪಲ್ಲ, ಅರ್ಧಕ್ಕೆ ನಿಂತ ಮಾತು. ಇಂಗ್ಲಿಷಿನಲ್ಲಿ ‘ಟು’ ಅನ್ನುವ ಒಂದೇ ಕಾಗುಣಿತದ ಹಿಂದೆ ಎರಡು ಬೇರೆ ಬೇರೆ ಪದಗಳಿವೆ.

ಒಂದು ‘ಟು’ ಕ್ರಿಯಾಪದಕ್ಕೆ ಅಂಟಿಕೊಂಡಿರುತ್ತದೆ. ‘ಐ ವಾಂಟ್ ಟು ಮೀಟ್ ಯೂ’ ಎಂಬಲ್ಲಿ ‘ಟು ಮೀಟ್’ ಎರಡೂ ಸೇರಿ ಒಂದೇ ಘಟಕ, ಅದೇ ಇನ್ಫಿನಿಟಿವ್. ಅಲ್ಲಿ ಮೂಲರೂಪವೇ ಬರಬೇಕು, ಶಾಲೆಯ ಸೂತ್ರ ಹೇಳುವುದು ಈ ‘ಟು’ ಬಗ್ಗೆ. ಇನ್ನೊಂದು ‘ಟು’ ಪ್ರಿಪೊಸಿಷನ್, ಅಂದರೆ ‘ಇನ್’, ‘ಆಫ್’, ‘ಫ್ರಂ’, ‘ವಿತ್’ ಇವುಗಳ ಒಡಹುಟ್ಟು. ‘ಐ ವೆಂಟ್ ಟು ಮೈಸೂರು’ ಎಂಬಲ್ಲಿ ಇರುವುದು ಅದೇ. ಪ್ರಿಪೊಸಿಷನ್ ಆದ ಮೇಲೆ ಬರಬೇಕಾದ್ದು ನಾಮಪದ. ಅಲ್ಲಿ ಕ್ರಿಯೆಯೊಂದನ್ನು ಹೇಳಲೇಬೇಕಾದರೆ ಆ ಕ್ರಿಯಾಪದ ನಾಮಪದದ ವೇಷ ತೊಟ್ಟು ಬರಬೇಕು. ಆ ವೇಷವೇ ‘ಇಂಗ್’ ರೂಪ, ಅದಕ್ಕೆ ಜೆರಂಡ್ ಎಂದು ಹೆಸರು.

‘ಇನ್ ಮೀಟ್’, ‘ವಿದೌಟ್ ಮೀಟ್’ ಎಂದು ಯಾರೂ ಬರೆಯುವುದಿಲ್ಲ. ‘ವಿದೌಟ್ ಮೀಟಿಂಗ್ ಹಿಮ್’ ಎಂದೇ ಕೈ ಬರೆಯುತ್ತದೆ. ‘ಲುಕ್ ಫಾರ್ವರ್ಡ್ ಟು’, ‘ಆಬ್ಜೆಕ್ಟ್ ಟು’, ‘ಇನ್ ಅಡಿಷನ್ ಟು’ ಮೂರರಲ್ಲೂ ಇರುವುದು ಈ ಎರಡನೇ ‘ಟು’. ಆದ್ದರಿಂದ ಇದು ಅಪವಾದವಲ್ಲ, ಪ್ರಿಪೊಸಿಷನ್ ಆದ ಮೇಲೆ ‘ಇಂಗ್’ ಎಂಬ ಸಾಮಾನ್ಯ ನಿಯಮವೇ. ಮಕ್ಕಳಿಗೆ ಇದನ್ನು ಅಪವಾದಗಳ ಪಟ್ಟಿಯಾಗಿ ಬಾಯಿಪಾಠ ಮಾಡಿಸುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಪಟ್ಟಿ ಒಂದು ವಾರದಲ್ಲಿ ಮರೆತುಹೋಗುತ್ತದೆ, ಕಾರಣ ಹಾಗೆ ಮರೆತುಹೋಗುವುದಿಲ್ಲ.

“ಸರಿ, ಎರಡು ಟು ಇವೆ. ಬಿಟ್ಟ ಸ್ಥಳದ ಮುಂದೆ ಕೂತಾಗ ಇದು ಯಾವ ಟು ಅಂತ ಗುರುತಿಸೋದು ಹೇಗೆ?”

‘ಟು’ ಆದ ಮೇಲೆ ಕ್ರಿಯಾಪದವನ್ನು ತೆಗೆದು ‘ಇಟ್’ ಎಂದು ಹಾಕಿ ಓದಿ. ವಾಕ್ಯ ನಿಂತರೆ ಅದು ಪ್ರಿಪೊಸಿಷನ್, ‘ಇಂಗ್’ ತುಂಬಿ. ಬಿದ್ದುಹೋದರೆ ಇನ್ಫಿನಿಟಿವ್, ಮೂಲರೂಪ ತುಂಬಿ.

```
visit: We hope to ____ Hampi in December.
visit: We look forward to ____ Hampi in December.
```

‘ವಿ ಹೋಪ್ ಟು ಇಟ್’ ಎಂದು ಓದಿ ನೋಡಿ, ನಿಲ್ಲುವುದಿಲ್ಲ. ಹಾಗಾಗಿ ಮೊದಲನೆಯದಕ್ಕೆ ‘ವಿಸಿಟ್’. ‘ವಿ ಲುಕ್ ಫಾರ್ವರ್ಡ್ ಟು ಇಟ್’ ಸರಾಗವಾಗಿ ನಿಲ್ಲುತ್ತದೆ, ಎರಡನೆಯದಕ್ಕೆ ‘ವಿಸಿಟಿಂಗ್’. ಎರಡೂ ವಾಕ್ಯ ಹೇಳುವುದು ಹೆಚ್ಚುಕಡಿಮೆ ಒಂದೇ ವಿಷಯ, ಡಿಸೆಂಬರಿನಲ್ಲಿ ಹಂಪಿಗೆ ಹೋಗುವ ಆಸೆ. ಅರ್ಥ ನೋಡಿ ಉತ್ತರ ಹುಡುಕಲು ಹೊರಟರೆ ದಾರಿ ಸಿಗುವುದಿಲ್ಲ, ‘ಟು’ ಹಿಂದೆ ನಿಂತ ಪದವನ್ನೇ ನೋಡಬೇಕು.

ಇನ್ನೊಂದು ಪರೀಕ್ಷೆಯೂ ಇದೆ, ಮಾತಾಡಿ ಅಭ್ಯಾಸವಿರುವವರಿಗೆ ಇದು ಹೆಚ್ಚು ಒಗ್ಗುತ್ತದೆ. ಇನ್ಫಿನಿಟಿವ್ ‘ಟು’ವನ್ನು ಉತ್ತರದ ಕೊನೆಯಲ್ಲಿ ಹಾಗೇ ಬಿಟ್ಟುಬಿಡಬಹುದು. ‘ಬರ್ತೀರಾ?’ ಎಂದು ಕೇಳಿದರೆ ‘ಐ ವಾಂಟ್ ಟು’ ಎಂದು ನಿಲ್ಲಿಸಬಹುದು. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು’ ಎಂದು ನಿಲ್ಲಿಸಲು ಆಗುವುದಿಲ್ಲ, ‘ಟು ಇಟ್’ ಎಂದೇ ಮುಗಿಸಬೇಕು.

“ವಾಕ್ಯವನ್ನು ಕನ್ನಡಕ್ಕೆ ಅನುವಾದ ಮಾಡಿ ನೋಡಿದರೆ ಗೊತ್ತಾಗಲ್ವಾ?”

ಅರ್ಧ ದಾರಿಯವರೆಗೆ ಮಾತ್ರ. ಆ ಅರ್ಧ ತುಂಬ ಚೆನ್ನಾಗಿದೆ, ಮೊದಲು ಅದನ್ನು ಹೇಳುತ್ತೇನೆ.

ಕನ್ನಡ ವ್ಯಾಕರಣದಲ್ಲಿ ‘ನೋಡಲು’ ಎಂಬುದು ಕೃದಂತಾವ್ಯಯ. ಅವ್ಯಯವಾದ್ದರಿಂದ ಅದರ ಮೇಲೆ ವಿಭಕ್ತಿ ಹತ್ತುವುದಿಲ್ಲ. ‘ನೋಡಲನ್ನು’, ‘ನೋಡಲಿಂದ’ ಎಂಬ ರೂಪಗಳಿಲ್ಲ. ‘ನೋಡುವುದು’ ಎಂಬುದು ಕೃದಂತ ಭಾವನಾಮ. ಅದು ನಾಮಪದದಂತೆಯೇ ನಡೆದುಕೊಳ್ಳುತ್ತದೆ: ನೋಡುವುದನ್ನು, ನೋಡುವುದರಿಂದ, ನೋಡುವುದಕ್ಕೆ, ನೋಡುವುದರಲ್ಲಿ. ಇಂಗ್ಲಿಷಿನ ‘ಟು ಸೀ’ ನಮ್ಮ ‘ನೋಡಲು’ ಇದ್ದಂತೆ, ‘ಸೀಯಿಂಗ್’ ನಮ್ಮ ‘ನೋಡುವುದು’ ಇದ್ದಂತೆ. ನಾವು ವಿಭಕ್ತಿ ಹಚ್ಚುವ ಕಡೆ ಅವರು ಪ್ರಿಪೊಸಿಷನ್ ಇಡುತ್ತಾರೆ. ‘ಲುಕ್ ಫಾರ್ವರ್ಡ್ ಟು ಸೀಯಿಂಗ್’ ಎಂದರೆ ‘ನೋಡುವುದನ್ನು ಎದುರು ನೋಡುವುದು’, ‘ಇನ್ ಅಡಿಷನ್ ಟು ಸೀಯಿಂಗ್’ ಎಂದರೆ ‘ನೋಡುವುದರ ಜೊತೆಗೆ’. ಎರಡರಲ್ಲೂ ಭಾವನಾಮದ ಮೇಲೆ ವಿಭಕ್ತಿ ಹತ್ತಿದೆ. ‘ನೋಡಲು ಎದುರು ನೋಡುತ್ತೇನೆ’ ಎಂದರೆ ಕನ್ನಡ ಕಿವಿಗೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಈ ದಾರಿ ಕೈಕೊಡುವುದು ‘ಉವುದಕ್ಕೆ’ ಎಂಬ ರೂಪದಲ್ಲಿ. ‘ಹಂಪಿ ನೋಡುವುದಕ್ಕೆ ಬಂದೆ’ ಎನ್ನುತ್ತೇವೆ, ಆಡುಮಾತಿನಲ್ಲಿ ಅದೇ ‘ನೋಡೋಕೆ ಬಂದೆ’. ಇಲ್ಲಿ ಇಂಗ್ಲಿಷಿನಲ್ಲಿ ಬರಬೇಕಾದ್ದು ‘ಟು ಸೀ’. ‘ಹಣ ಕೊಡುವುದಕ್ಕೆ ಆಕ್ಷೇಪಿಸಿದೆ’ ಎಂದಾಗಲೂ ಅದೇ ‘ಉವುದಕ್ಕೆ’, ಆದರೆ ಇಂಗ್ಲಿಷಿನಲ್ಲಿ ‘ಆಬ್ಜೆಕ್ಟೆಡ್ ಟು ಪೇಯಿಂಗ್’. ನಮ್ಮ ಒಂದು ರೂಪ ಅವರ ಎರಡು ರೂಪಗಳ ಕೆಲಸ ಮಾಡುತ್ತದೆ. ‘ಆಬ್ಜೆಕ್ಟ್ ಟು’ ಬಂದಾಗ ಕನ್ನಡಿಗರ ಕೈ ಹೆಚ್ಚು ತಪ್ಪುವುದಕ್ಕೆ ಕಾರಣ ಇದೇ ಎಂದು ನನ್ನ ಅನಿಸಿಕೆ. ಅಂಥ ಕಡೆ ‘ಉವುದಕ್ಕೆ’ ಬದಲು ‘ಅಲು’ ಹಾಕಿ ನೋಡಿ. ‘ಹಂಪಿ ನೋಡಲು ಬಂದೆ’ ಸರಿ, ಹಾಗಾಗಿ ಇನ್ಫಿನಿಟಿವ್. ‘ಹಣ ಕೊಡಲು ಆಕ್ಷೇಪಿಸಿದೆ’ ಕುಂಟುತ್ತದೆ, ಹಾಗಾಗಿ ‘ಇಂಗ್’. ಅನುಮಾನ ಉಳಿದರೆ ಕನ್ನಡವನ್ನು ಅಲ್ಲಿಗೇ ಬಿಟ್ಟು ‘ಇಟ್’ ಹಾಕಿ ನೋಡುವುದೇ ಕ್ಷೇಮ.

## ಮೂರು ನುಡಿಗಟ್ಟುಗಳು

“ಪತ್ರದ ಕೊನೆಗೆ ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಂ ಯೂ’ ಅಂತ ಎಷ್ಟೋ ಜನ ಬರೀತಾರೆ. ಅದು ನಿಜವಾಗಿ ತಪ್ಪಾ?”

ಹೌದು, ತಪ್ಪೇ. ‘ಹಿಯರಿಂಗ್’ ಎಂದಿರಬೇಕು. ಕಚೇರಿ ಪತ್ರಗಳಲ್ಲಿ ಈ ರೂಪ ನಮ್ಮಲ್ಲಿ ತುಂಬ ಕಾಣುತ್ತದೆ, ನಿಜ. ಆದರೆ ಶಿಷ್ಟ ಇಂಗ್ಲಿಷಿನ ಯಾವ ಬಗೆಯೂ, ಬ್ರಿಟಿಷ್ ಆಗಲಿ ಅಮೆರಿಕನ್ ಆಗಲಿ, ಇದನ್ನು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಅರ್ಜಿಯಲ್ಲಿ ಕೊನೆಯ ಸಾಲೇ ಕಣ್ಣಿಗೆ ಚುಚ್ಚುತ್ತದೆ.

ಈ ತಪ್ಪು ಎಲ್ಲಿಂದ ಬರುತ್ತದೆ ಎಂದು ಗೊತ್ತಿದ್ದರೆ ತಡೆಯುವುದು ಸುಲಭ. ‘ಲುಕ್ ಫಾರ್ವರ್ಡ್’ ಅರ್ಥದಲ್ಲಿ ‘ಹೋಪ್’, ‘ವಾಂಟ್’, ‘ವಿಶ್’ ಇವುಗಳ ಪಕ್ಕದಲ್ಲೇ ಕೂರುತ್ತದೆ. ಆ ಮೂರಕ್ಕೂ ಇನ್ಫಿನಿಟಿವ್ ಬೇಕು, ಅದೇ ಅಚ್ಚಿನಲ್ಲಿ ಇದನ್ನೂ ಎರಕ ಹೊಯ್ದುಬಿಡುತ್ತೇವೆ. ಆದರೆ ಆ ಮೂರರಲ್ಲಿ ‘ಟು’ ಮುಂದಿನ ಕ್ರಿಯಾಪದಕ್ಕೆ ಸೇರಿದ್ದು. ಇಲ್ಲಿ ಮಾತ್ರ ‘ಟು’ ಹಿಂದಿನ ನುಡಿಗಟ್ಟಿಗೇ ಸೇರಿದ್ದು: ‘ಲುಕ್’, ‘ಫಾರ್ವರ್ಡ್’, ‘ಟು’ ಮೂರೂ ಸೇರಿದರೇ ‘ಎದುರು ನೋಡು’ ಎಂಬ ಅರ್ಥ ಹುಟ್ಟುತ್ತದೆ. ಓದುವಾಗ ‘ಲುಕ್ ಫಾರ್ವರ್ಡ್ ಟು’ ಎಂದು ಒಂದೇ ಉಸಿರಿಗೆ ಹೇಳಿ, ಸ್ವಲ್ಪ ನಿಲ್ಲಿಸಿ, ಆಮೇಲೆ ‘ಹಿಯರಿಂಗ್ ಫ್ರಂ ಯೂ’ ಎನ್ನಿ. ನಿಲ್ಲಿಸುವ ಜಾಗ ಸರಿಯಾದರೆ ರೂಪವೂ ತಾನಾಗಿ ಸರಿಹೋಗುತ್ತದೆ. ನನ್ನ ತರಗತಿಯಲ್ಲಿ ನಿಯಮ ವಿವರಿಸಿದ್ದಕ್ಕಿಂತ ಹೀಗೆ ಬಾಯಲ್ಲಿ ಹೇಳಿಸಿದ್ದೇ ಹೆಚ್ಚು ಕೆಲಸ ಮಾಡಿದೆ.

ಕ್ರಿಯಾಪದವೇ ಬರಬೇಕೆಂದೇನೂ ಇಲ್ಲ. ‘ಯುವರ್ ರಿಪ್ಲೈ’ ಎಂಬ ನಾಮಪದ ಹಾಕಿದರೂ ವಾಕ್ಯ ಪೂರ್ತಿಯಾಗುತ್ತದೆ. ‘ಇಂಗ್’ ಬಗ್ಗೆ ಗೊಂದಲವಿರುವವರು ಪತ್ರದಲ್ಲಿ ಹೀಗೆ ಬರೆದರೆ ತೊಡಕೇ ಇಲ್ಲ.

“ಐ ಆಮ್ ಲುಕಿಂಗ್ ಅನ್ನೋದರಲ್ಲಿ ಒಂದು ಇಂಗ್ ಆಗಲೇ ಇದೆ. ಮತ್ತೆ ಇನ್ನೊಂದು ಇಂಗ್ ಯಾಕೆ?”

ಎರಡು ‘ಇಂಗ್’ ಬೇರೆ ಬೇರೆ ಕೆಲಸದವು. ‘ಲುಕಿಂಗ್’ನಲ್ಲಿ ಇರುವುದು ಈಗ ನಡೆಯುತ್ತಿದೆ ಎಂದು ಹೇಳುವ ‘ಇಂಗ್’, ಅದು ‘ಆಮ್’ ಜೊತೆಗಾರ. ‘ಟು’ ಆದ ಮೇಲಿನದು ಕ್ರಿಯೆಯನ್ನು ನಾಮಪದ ಮಾಡುವ ‘ಇಂಗ್’. ಮೊದಲನೆಯದನ್ನು ತೆಗೆದು ಸಾದಾ ವರ್ತಮಾನಕ್ಕೆ ಬಂದರೂ ಎರಡನೆಯದು ಅಲುಗಾಡುವುದಿಲ್ಲ. ಭೂತಕಾಲದಲ್ಲೂ ಅಷ್ಟೇ.

```
join: I look forward to ____ the team.
join: I am looking forward to ____ the team.
join: I looked forward to ____ the team.
```

ಮೂರಕ್ಕೂ ಉತ್ತರ ‘ಜಾಯ್ನಿಂಗ್’. ಮೊದಲನೆಯದು ಔಪಚಾರಿಕ ಪತ್ರಕ್ಕೆ ಹೊಂದುತ್ತದೆ, ಎರಡನೆಯದು ಗೆಳೆಯರಿಗೆ ಬರೆಯುವಾಗ ಹೆಚ್ಚು ಆಪ್ತವಾಗಿ ಕೇಳಿಸುತ್ತದೆ.

“ಆಬ್ಜೆಕ್ಟ್ ಟು ಆದ ಮೇಲೆ ‘ಬಿ ಟ್ರೀಟೆಡ್’ ಅಂತ ಬರೆದೆ, ತಪ್ಪು ಹಾಕಿದರು. ಪ್ಯಾಸಿವ್‌ನಲ್ಲಿ ‘ಬಿ’ ಬರಲೇಬೇಕಲ್ವಾ?”

‘ಬಿ’ ಬರಬೇಕು, ಆದರೆ ಅದೂ ‘ಇಂಗ್’ ಆಗಿಯೇ ಬರಬೇಕು.

```
treat: The patients objected to ____ like children.
```

ರೋಗಿಗಳು ಯಾರನ್ನೂ ಮಕ್ಕಳಂತೆ ಕಾಣುತ್ತಿಲ್ಲ. ಅವರನ್ನೇ ಹಾಗೆ ಕಾಣಲಾಗುತ್ತಿದೆ. ಹಾಗಾಗಿ ಪ್ಯಾಸಿವ್ ಬೇಕು ಎಂದು ನೀವು ಗುರುತಿಸಿದ್ದು ಸರಿ. ಪ್ಯಾಸಿವ್‌ನ ಇನ್ಫಿನಿಟಿವ್ ರೂಪ ‘ಬಿ ಟ್ರೀಟೆಡ್’. ಅದನ್ನು ಜೆರಂಡ್ ಮಾಡುವಾಗ ಮೊದಲ ಪದ ಮಾತ್ರ ಬದಲಾಗುತ್ತದೆ, ‘ಬೀಯಿಂಗ್ ಟ್ರೀಟೆಡ್’. ಬರೀ ‘ಟ್ರೀಟಿಂಗ್’ ಎಂದು ಬರೆದಿದ್ದರೆ ರೂಪ ಸರಿಯಿದ್ದು ಅರ್ಥ ತಲೆಕೆಳಗಾಗುತ್ತಿತ್ತು.

‘ಆಬ್ಜೆಕ್ಟ್ ಟು’ ಇರುವ ವಾಕ್ಯಗಳಲ್ಲಿ ಪ್ಯಾಸಿವ್ ಪದೇ ಪದೇ ಬರುತ್ತದೆ, ಯಾಕೆಂದರೆ ಜನ ಆಕ್ಷೇಪಿಸುವುದು ಹೆಚ್ಚಾಗಿ ತಮಗೆ ಇನ್ನೊಬ್ಬರು ಮಾಡುವುದರ ಬಗ್ಗೆ. ಅದಕ್ಕೇ ಖಾಲಿ ಜಾಗ ಕಂಡ ಕೂಡಲೇ ಎರಡು ಪ್ರಶ್ನೆ ಕೇಳಿಕೊಳ್ಳಿ. ಆ ಕೆಲಸವನ್ನು ಕರ್ತೃವೇ ಮಾಡುತ್ತಿದೆಯೇ, ಅಥವಾ ಅದರ ಮೇಲೆ ಬೇರೆಯವರು ಮಾಡುತ್ತಿದ್ದಾರೆಯೇ? ತಾನೇ ಮಾಡುತ್ತಿದ್ದರೆ ಒಂಟಿ ‘ಇಂಗ್’: ‘ಹೀ ಆಬ್ಜೆಕ್ಟೆಡ್ ಟು ಪೇಯಿಂಗ್ ದ ಫೈನ್’. ಬೇರೆಯವರಾದರೆ ‘ಬೀಯಿಂಗ್’ ಮತ್ತು ಮೂರನೇ ರೂಪ. ‘ಆಬ್ಜೆಕ್ಷನ್ ಟು’ ಎಂಬ ನಾಮಪದದ ರೂಪಕ್ಕೂ ಇದೇ ನಡೆ: ‘ಐ ಹ್ಯಾವ್ ನೋ ಆಬ್ಜೆಕ್ಷನ್ ಟು ಸೈನಿಂಗ್’.

“ಒಂದು ಕಡೆ ‘ಮೈ ಆಬ್ಜೆಕ್ಟ್ ಈಸ್ ಟು ಹೆಲ್ಪ್’ ಅಂತ ಓದಿದೆ. ಅಲ್ಲಿ ಯಾಕೆ ಹೆಲ್ಪಿಂಗ್ ಇಲ್ಲ?”

ಅದು ಬೇರೆ ‘ಆಬ್ಜೆಕ್ಟ್’. ಅಲ್ಲಿ ಅದು ನಾಮಪದ, ಅರ್ಥ ‘ಉದ್ದೇಶ’. ಉಚ್ಚಾರದಲ್ಲೇ ವ್ಯತ್ಯಾಸವಿದೆ: ಉದ್ದೇಶ ಎಂಬರ್ಥದಲ್ಲಿ ಮೊದಲ ಅಕ್ಷರ ‘ಆಬ್’ ಮೇಲೆ ಒತ್ತು, ಆಕ್ಷೇಪಿಸು ಎಂಬರ್ಥದಲ್ಲಿ ಎರಡನೇ ‘ಜೆಕ್ಟ್’ ಮೇಲೆ ಒತ್ತು. ಬರಹದಲ್ಲಿ ಒತ್ತು ಕಾಣದ ಕಾರಣ ಎರಡೂ ಒಂದೇ ಎಂದು ಮೋಸಹೋಗುತ್ತೇವೆ. ನಡುವೆ ‘ಈಸ್’ ಅಥವಾ ‘ವಾಸ್’ ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಅದು ಉದ್ದೇಶದ ‘ಆಬ್ಜೆಕ್ಟ್’, ಅದರ ಮುಂದಿನ ‘ಟು’ ಇನ್ಫಿನಿಟಿವ್‌ನದು. ಕ್ರಿಯಾಪದವಾದ ‘ಆಬ್ಜೆಕ್ಟ್’ಗೆ ‘ಟು’ ನೇರವಾಗಿ ತಾಗಿಕೊಂಡಿರುತ್ತದೆ.

“ಇನ್ ಅಡಿಷನ್ ಟು ವಾಕ್ಯದ ಮೊದಲಲ್ಲೇ ಬಂದರೆ ಏನು ಮಾಡೋದು? ಒಮ್ಮೆ ಇಂಗ್ ಸರಿ ಅಂದರು, ಇನ್ನೊಮ್ಮೆ ಮೂಲರೂಪ ಸರಿ ಅಂದರು.”

ಇಬ್ಬರು ಹೇಳಿದ್ದೂ ಸರಿಯಿರಬಹುದು. ಎಲ್ಲ ನಿಂತಿರುವುದು ಒಂದು ಅಲ್ಪವಿರಾಮದ ಮೇಲೆ.

```
teach: In addition to ____ maths, she ran the library.
save:  In addition, to ____ time, she skipped lunch.
```

ಮೊದಲ ವಾಕ್ಯದಲ್ಲಿ ‘ಇನ್ ಅಡಿಷನ್ ಟು’ ಒಡೆಯದ ಒಂದೇ ನುಡಿಗಟ್ಟು, ‘ಅದರ ಜೊತೆಗೆ’ ಎಂದು ಅರ್ಥ, ಉತ್ತರ ‘ಟೀಚಿಂಗ್’. ಎರಡನೆಯದರಲ್ಲಿ ‘ಇನ್ ಅಡಿಷನ್’ ಅಲ್ಪವಿರಾಮಕ್ಕೆ ಮುಗಿದುಹೋಯಿತು, ಅದು ‘ಜೊತೆಗೆ’ ಅಥವಾ ‘ಅಲ್ಲದೆ’ ಎಂಬ ಸ್ವತಂತ್ರ ಪದ. ಆಮೇಲೆ ಬಂದ ‘ಟು’ ಹೊಸದಾಗಿ ಶುರುವಾಗಿದ್ದು, ‘ಸಮಯ ಉಳಿಸಲು’ ಎಂದು ಉದ್ದೇಶ ಹೇಳುತ್ತದೆ, ಉತ್ತರ ‘ಸೇವ್’. ಇಂಥ ಕಡೆ ‘ಟು’ ಬದಲಿಗೆ ‘ಇನ್ ಆರ್ಡರ್ ಟು’ ಹಾಕಿ ಓದಿದರೆ ಖಚಿತವಾಗುತ್ತದೆ. ಎರಡನೇ ವಾಕ್ಯದಲ್ಲಿ ಅದು ಕೂರುತ್ತದೆ, ಮೊದಲನೆಯದರಲ್ಲಿ ಕೂರುವುದಿಲ್ಲ.

ಮೊದಲ ಬಗೆಯ ವಾಕ್ಯವನ್ನು ನೀವೇ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ‘ಟೀಚಿಂಗ್’ ಯಾರ ಕೆಲಸವೆಂದು ಆ ಭಾಗ ಹೇಳುವುದಿಲ್ಲ, ಓದುಗರು ಮುಂದಿನ ಕರ್ತೃವಿನಿಂದ ಅದನ್ನು ತಿಳಿದುಕೊಳ್ಳುತ್ತಾರೆ. ‘ಶೀ ರ‍್ಯಾನ್ ದ ಲೈಬ್ರರಿ’ ಎಂದಿದ್ದರೆ ಪಾಠ ಹೇಳಿದ್ದೂ ಆಕೆಯೇ. ಅಲ್ಲಿ ‘ದ ಲೈಬ್ರರಿ ವಾಸ್ ರನ್ ಬೈ ಹರ್’ ಎಂದು ಬರೆದರೆ ಗ್ರಂಥಾಲಯವೇ ಗಣಿತ ಕಲಿಸಿದಂತೆ ಓದಿಸಿಕೊಳ್ಳುತ್ತದೆ.

“ಐ ವಾಂಟ್ ಟು ಸ್ಟಡಿ ಲಾ ಇನ್ ಅಡಿಷನ್ ಟು ಲರ್ನ್ ಮ್ಯೂಸಿಕ್ — ಎರಡೂ ಕಡೆ ಒಂದೇ ಥರ ಇದ್ದರೆ ಚೆಂದ ಅಲ್ವಾ?”

ಸಮಾನ ರೂಪ ಬೇಕೆನ್ನುವ ನಿಮ್ಮ ಕಿವಿ ಒಳ್ಳೆಯದೇ, ಆದರೆ ಅದು ‘ಆಂಡ್’, ‘ಆರ್’ ಇವುಗಳ ಎರಡು ಪಕ್ಕಗಳಿಗೆ ಅನ್ವಯಿಸುವ ಮಾತು. ‘ಇನ್ ಅಡಿಷನ್ ಟು’ ಎರಡು ಸಮಾನ ಭಾಗಗಳನ್ನು ಜೋಡಿಸುವ ಕೊಂಡಿಯಲ್ಲ, ಪ್ರಿಪೊಸಿಷನ್. ವಾಕ್ಯದ ಉಳಿದ ಭಾಗದಲ್ಲಿ ಏನೇ ಇರಲಿ, ಅದರ ಮುಂದೆ ‘ಲರ್ನಿಂಗ್’ ಬರಬೇಕು. ಸಮಾನವಾಗಿಯೇ ಇರಲಿ ಎಂದಾದರೆ ‘ಟು ಸ್ಟಡಿ ಲಾ ಆಂಡ್ ಟು ಲರ್ನ್ ಮ್ಯೂಸಿಕ್’ ಎಂದು ವಾಕ್ಯವನ್ನೇ ಬದಲಿಸಿ.

## ಮುಂದುವರಿದವರಿಗೆ

“ಒಂದೇ ಪತ್ರದಲ್ಲಿ ಎಲ್ಲ ಬಗೆಯೂ ಬಂದರೆ ಹೇಗೆ ಬಿಡಿಸೋದು? ಒಂದು ಮಾದರಿ ಬಿಡಿಸಿ ತೋರಿಸಿ.”

ಗ್ರಂಥಪಾಲಕ ಹುದ್ದೆಗೆ ಬರೆದ ಅರ್ಜಿಯೊಂದರ ಆರು ಸಾಲು ಇಲ್ಲಿದೆ. ತರಗತಿಗೆಂದೇ ನಾನು ಬರೆದದ್ದು.

```
1 apply: I am writing to ____ for the post.
2 catalogue: In addition to ____ books, I read to children.
3 work: I do not object to ____ on Sundays.
4 keep: In addition, to ____ costs low, I mend old books.
5 see: My object is to ____ every child reading.
6 meet: I look forward to ____ you.
```

ಮೊದಲ ಸಾಲು ನೋಡಿ. ‘ರೈಟಿಂಗ್ ಟು ಇಟ್’ ಎಂದು ಹಾಕಿದರೆ ‘ಅದಕ್ಕೆ ಪತ್ರ ಬರೆಯುತ್ತಿದ್ದೇನೆ’ ಎಂಬ ಬೇರೆಯೇ ಅರ್ಥ ಬರುತ್ತದೆ, ನಮಗೆ ಬೇಕಾದದ್ದು ಅದಲ್ಲ. ‘ಇನ್ ಆರ್ಡರ್ ಟು’ ಹಾಕಿದರೆ ನೇರವಾಗಿ ಕೂರುತ್ತದೆ: ಅರ್ಜಿ ಸಲ್ಲಿಸಲು ಬರೆಯುತ್ತಿದ್ದೇನೆ. ಉತ್ತರ ‘ಅಪ್ಲೈ’. ಎರಡನೆಯದರಲ್ಲಿ ಅಲ್ಪವಿರಾಮವಿಲ್ಲದ ‘ಇನ್ ಅಡಿಷನ್ ಟು’, ಉತ್ತರ ‘ಕ್ಯಾಟಲಾಗಿಂಗ್’. ಬರೆಯುವಾಗ ಕೊನೆಯ ‘ಇ’ ಬಿಡಬೇಕು, ‘ಯು’ ಉಳಿಯಬೇಕು:

```
catalogue > cataloguing
```

ಮೂರನೆಯದರಲ್ಲಿ ‘ಆಬ್ಜೆಕ್ಟ್’ ಕ್ರಿಯಾಪದ, ‘ಟು’ ಅದಕ್ಕೆ ತಾಗಿಕೊಂಡಿದೆ, ಕೆಲಸ ಮಾಡುವವರು ಅರ್ಜಿದಾರರೇ. ಹಾಗಾಗಿ ಒಂಟಿ ‘ವರ್ಕಿಂಗ್’ ಸಾಕು. ‘ಡು ನಾಟ್’ ಇರುವುದರಿಂದ ಏನೂ ಬದಲಾಗುವುದಿಲ್ಲ. ನಾಲ್ಕನೆಯದರಲ್ಲಿ ಅಲ್ಪವಿರಾಮ ‘ಇನ್ ಅಡಿಷನ್’ ಅನ್ನು ಬೇರೆ ಮಾಡಿದೆ, ಖರ್ಚು ಕಡಿಮೆ ಇಡುವುದು ಉದ್ದೇಶ, ಉತ್ತರ ‘ಕೀಪ್’. ಐದನೆಯದು ‘ಈಸ್’ ಇರುವ ಉದ್ದೇಶದ ‘ಆಬ್ಜೆಕ್ಟ್’, ಉತ್ತರ ‘ಸೀ’. ಆರನೆಯದು ‘ಮೀಟಿಂಗ್’.

ಎರಡನೆಯದನ್ನೂ ನಾಲ್ಕನೆಯದನ್ನೂ ಒಂದೇ ಎಂದು ಓದುವವರು ಹೆಚ್ಚು, ಮೂರನೆಯದನ್ನೂ ಐದನೆಯದನ್ನೂ ಹಾಗೆಯೇ. ಆರರಲ್ಲಿ ಯಾವುದು ತಪ್ಪಿತು ಎಂಬುದಕ್ಕಿಂತ ಯಾವ ಜೋಡಿ ಕಲಸಿಹೋಯಿತು ಎಂದು ನೋಡಿಕೊಂಡರೆ ನಿಮ್ಮ ತೊಡಕು ಎಲ್ಲಿದೆ ಎಂದು ಗೊತ್ತಾಗುತ್ತದೆ.

“‘ಲುಕ್ಡ್ ಫಾರ್ವರ್ಡ್ ಟು ಸೀ’ ಅಂತ ಇರುವ ವಾಕ್ಯವೂ ಸರಿಯಾಗಬಹುದು ಅಂತ ಗೆಳೆಯ ವಾದ ಮಾಡ್ತಾನೆ. ಹೌದಾ?”

ಹೌದು, ಒಂದು ಕಡೆ ಅವರ ಮಾತು ನಿಲ್ಲುತ್ತದೆ.

```
see: The driver looked forward to ____ if the gate was shut.
```

ಇಲ್ಲಿ ಚಾಲಕ ಯಾವುದನ್ನೂ ಆಸೆಯಿಂದ ಕಾಯುತ್ತಿಲ್ಲ. ಗೇಟು ಹಾಕಿದೆಯೋ ಇಲ್ಲವೋ ನೋಡಲು ಕಣ್ಣನ್ನು ಮುಂದಕ್ಕೆ ಹಾಯಿಸಿದ, ಅಷ್ಟೇ. ‘ಲುಕ್ಡ್’ ಎಂದರೆ ನೋಡಿದ, ‘ಫಾರ್ವರ್ಡ್’ ಎಂದರೆ ಮುಂದಕ್ಕೆ, ಮೂರು ಪದ ಸೇರಿ ನುಡಿಗಟ್ಟಾಗಲೇ ಇಲ್ಲ. ‘ಟು’ ಉದ್ದೇಶ ಹೇಳುತ್ತದೆ, ಉತ್ತರ ‘ಸೀ’. ಇಂಥ ವಾಕ್ಯ ಅಪರೂಪ, ಒಳ್ಳೆಯ ಬರಹಗಾರರು ಗೊಂದಲ ತಪ್ಪಿಸಲು ‘ಲುಕ್ಡ್ ಅಹೆಡ್’ ಎಂದೇ ಬರೆಯುತ್ತಾರೆ. ಆದರೆ ಇದು ಪತ್ರದ ಕೊನೆಯ ‘ಟು ಹಿಯರ್’ಗೆ ಸಮರ್ಥನೆಯಾಗುವುದಿಲ್ಲ, ಅಲ್ಲಿ ಯಾರೂ ಕುತ್ತಿಗೆ ಚಾಚಿ ಮುಂದೆ ನೋಡುತ್ತಿಲ್ಲ.

“ಯೂಸ್ಡ್ ಟು ಕೂಡ ಇದೇ ಗುಂಪಿಗೆ ಸೇರುತ್ತಾ?”

ಹಿಂದೆ ‘ಬಿ’ ಅಥವಾ ‘ಗೆಟ್’ ಇದ್ದರೆ ಮಾತ್ರ. ‘ಐ ಆಮ್ ಯೂಸ್ಡ್ ಟು ಗೆಟ್ಟಿಂಗ್ ಅಪ್ ಅರ್ಲಿ’ ಎಂದರೆ ಬೇಗ ಏಳುವುದು ಅಭ್ಯಾಸವಾಗಿದೆ. ಇಲ್ಲಿ ‘ಟು’ ಪ್ರಿಪೊಸಿಷನ್. ‘ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಎಂದರೆ ಮೊದಲು ಏಳುತ್ತಿದ್ದೆ, ಈಗಿಲ್ಲ, ಇದು ಇನ್ಫಿನಿಟಿವ್. ಮೂರನೆಯದೊಂದಿದೆ: ‘ದಿಸ್ ನೈಫ್ ಈಸ್ ಯೂಸ್ಡ್ ಟು ಕಟ್ ಬ್ರೆಡ್’. ಇಲ್ಲಿ ‘ಈಸ್’ ಇದ್ದರೂ ಚಾಕುವಿಗೆ ಅಭ್ಯಾಸವಾಗುವ ಮಾತಿಲ್ಲ, ಅದನ್ನು ಬಳಸುತ್ತಾರೆ, ಉದ್ದೇಶ ಹೇಳುವ ‘ಟು ಕಟ್’. ಉಚ್ಚಾರದಲ್ಲೂ ಈ ಕೊನೆಯದು ‘ಯೂಜ಼್ಡ್’, ಮೊದಲೆರಡು ‘ಯೂಸ್ಟ್’.

“ಅಗ್ರೀ ಟು ಇಟ್ ಸರಿಯಾಗೇ ಇದೆ. ಹಾಗಾದರೆ ‘ಅಗ್ರೀಡ್ ಟು ಗೋಯಿಂಗ್’ ಅನ್ನಬೇಕಲ್ಲ?”

‘ಇಟ್’ ಪರೀಕ್ಷೆಯ ಮಿತಿ ಇಲ್ಲೇ ಇದೆ. ‘ಇಟ್’ ನಿಲ್ಲದಿದ್ದರೆ ಇನ್ಫಿನಿಟಿವ್ ಎಂಬ ತೀರ್ಪನ್ನು ಧೈರ್ಯವಾಗಿ ನಂಬಬಹುದು. ‘ಇಟ್’ ನಿಂತರೆ ಸಾಮಾನ್ಯವಾಗಿ ‘ಇಂಗ್’, ಆದರೆ ಕೆಲವು ಪದಗಳು ಎರಡೂ ‘ಟು’ಗಳನ್ನು ಮನೆಯಲ್ಲಿ ಇಟ್ಟುಕೊಂಡಿವೆ. ‘ಅಗ್ರೀ’ ಅವುಗಳಲ್ಲಿ ಒಂದು. ನಾಮಪದ ಬಂದರೆ ಪ್ರಿಪೊಸಿಷನ್: ‘ಶೀ ಅಗ್ರೀಡ್ ಟು ದ ಪ್ಲಾನ್’. ಕ್ರಿಯಾಪದ ಬಂದರೆ ಇನ್ಫಿನಿಟಿವ್: ‘ಶೀ ಅಗ್ರೀಡ್ ಟು ಗೋ’. ‘ಎಂಟೈಟಲ್ಡ್’ ಸಹ ಹಾಗೇ, ‘ಎಂಟೈಟಲ್ಡ್ ಟು ಲೀವ್’ ಎಂದು ರಜೆಯ ಹಕ್ಕು ಹೇಳಬಹುದು, ‘ಎಂಟೈಟಲ್ಡ್ ಟು ವೋಟ್’ ಎಂದು ಮತ ಹಾಕುವ ಹಕ್ಕನ್ನೂ ಹೇಳಬಹುದು.

ಈ ಪುಟದ ಮೂರು ನುಡಿಗಟ್ಟುಗಳಿಗೆ ಅಂಥ ಇಬ್ಬಗೆ ಇಲ್ಲ. ಆದರೆ ಹೊಸ ಪದ ಎದುರಾದಾಗ, ಅದರಲ್ಲೂ ಒಪ್ಪಿಗೆ ಅಥವಾ ಹಕ್ಕು ಹೇಳುವ ಪದವಾದರೆ, ‘ಇಟ್’ ಹಾಕಿ ನೋಡಿ ಸುಮ್ಮನಾಗಬೇಡಿ. ಒಳ್ಳೆಯ ನಿಘಂಟಿನಲ್ಲಿ ಆ ಪದದ ಉದಾಹರಣೆ ವಾಕ್ಯಗಳನ್ನು ಒಮ್ಮೆ ಓದಿ.

“ಆಬ್ಜೆಕ್ಟ್ ಟು ಹಿಮ್ ಸ್ಮೋಕಿಂಗ್ ಸರಿಯೋ, ಹಿಸ್ ಸ್ಮೋಕಿಂಗ್ ಸರಿಯೋ?”

ಎರಡೂ ನಡೆಯುತ್ತವೆ. ಜೆರಂಡ್ ನಾಮಪದದಂಥದ್ದಾದ್ದರಿಂದ ಅದರ ಹಿಂದೆ ‘ಹಿಸ್’ ಬರುವುದು ಸಾಂಪ್ರದಾಯಿಕ, ಔಪಚಾರಿಕ ಬರಹಕ್ಕೆ ಅದೇ ಒಳ್ಳೆಯದು. ಮಾತಿನಲ್ಲಿ ‘ಹಿಮ್’ ಹೆಚ್ಚು. ಪರೀಕ್ಷೆಯಲ್ಲಿ ಎರಡೂ ಆಯ್ಕೆಯಾಗಿ ಬಂದರೆ ನಾನಾಗಿದ್ದರೆ ‘ಹಿಸ್’ ಆರಿಸುತ್ತೇನೆ. ‘ಹೀ ಸ್ಮೋಕಿಂಗ್’ ಮಾತ್ರ ಇಲ್ಲಿ ಬರುವ ಹಾಗಿಲ್ಲ. ‘ಲುಕ್ ಫಾರ್ವರ್ಡ್ ಟು ಯುವರ್ ಕಮಿಂಗ್’ ಎನ್ನುವಾಗಲೂ ಇದೇ ಲೆಕ್ಕ. ನಡುವೆ ಯಾರದೋ ಹೆಸರು ಬಂದಿತೆಂದು ‘ಇಂಗ್’ ಬಿಟ್ಟುಬಿಡಬೇಡಿ. ‘ಟು’ ದೂರವಾದರೂ ಅದರ ಹಿಡಿತ ಹೋಗುವುದಿಲ್ಲ.

“ಎರಡು ಬೇರೆ ಪದಗಳಾದರೆ ಎರಡಕ್ಕೂ ಒಂದೇ ‘ಟು’ ಯಾಕೆ ಬಂತು?”

ಮೂಲದಲ್ಲಿ ಅವೆರಡೂ ಒಂದೇ ಆಗಿದ್ದವು. ಸುಮಾರು 1100ರವರೆಗಿನ ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ನಮ್ಮಂತೆಯೇ ವಿಭಕ್ತಿ ಪ್ರತ್ಯಯಗಳಿದ್ದವು. ಇನ್ಫಿನಿಟಿವ್ ಕೂಡ ಆಗ ಒಂದು ಬಗೆಯ ಭಾವನಾಮ. ‘ಟು’ ಎಂಬ ಪ್ರಿಪೊಸಿಷನ್ ಅದರ ಹಿಂದೆ ಬಂದಾಗ ಆ ಭಾವನಾಮ ಚತುರ್ಥಿಯಂಥ ವಿಭಕ್ತಿಯ ಪ್ರತ್ಯಯ ತೊಡುತ್ತಿತ್ತು. ‘ಮಾಡು’ ಎಂಬರ್ಥದ ಪದ ಹೀಗಿತ್ತು:

```
dōn > tō dōnne
```

ಇದು ನಮ್ಮ ‘ಮಾಡುವುದಕ್ಕೆ’ ಇದ್ದ ಹಾಗೆಯೇ. ಆಮೇಲಿನ ಶತಮಾನಗಳಲ್ಲಿ ಇಂಗ್ಲಿಷಿನ ವಿಭಕ್ತಿ ಪ್ರತ್ಯಯಗಳು ಸವೆದುಹೋದವು. ಕೊನೆಯ ಅಕ್ಷರಗಳು ಉದುರಿ ಬರೀ ‘ಟು ಡು’ ಉಳಿಯಿತು, ‘ಟು’ ತನ್ನ ಪ್ರಿಪೊಸಿಷನ್ ಅರ್ಥ ಕಳೆದುಕೊಂಡು ಇನ್ಫಿನಿಟಿವ್‌ನ ಗುರುತಾಗಿ ಮಾತ್ರ ನಿಂತಿತು. ಕ್ರಿಯೆಯನ್ನು ನಾಮಪದ ಮಾಡುವ ಕೆಲಸವನ್ನು ಇನ್ನೊಂದು ಪ್ರತ್ಯಯ ವಹಿಸಿಕೊಂಡಿತು. ಹಳೆಯ ಇಂಗ್ಲಿಷಿನಲ್ಲಿ ಅದು ‘ಉಂಗ್’ ಅಥವಾ ‘ಇಂಗ್’ ಎಂದಿತ್ತು. ಇವತ್ತಿನ ಜೆರಂಡ್ ಬಂದಿರುವುದು ಅಲ್ಲಿಂದ. ಊರಿಗೆ, ಮನೆಗೆ ಎಂದು ಹೇಳುವ ಹಳೆಯ ‘ಟು’ ಮಾತ್ರ ಪ್ರಿಪೊಸಿಷನ್ ಆಗಿಯೇ ಮುಂದುವರಿಯಿತು. ‘ಲುಕ್ ಫಾರ್ವರ್ಡ್ ಟು’, ‘ಆಬ್ಜೆಕ್ಟ್ ಟು’, ‘ಇನ್ ಅಡಿಷನ್ ಟು’ ಸೇರಿಕೊಂಡಿರುವುದು ಅದರ ಜೊತೆಗೆ.